‘ಒಪ್ಪಿಗೆ ಇದೆ’ ಅಂದರೆ ಯಾವುದಕ್ಕೆ?

ಮುಂಬಯಿಯ ಉಪನಗರಗಳಲ್ಲಿ ನಲವತ್ತು ಐವತ್ತು ವರ್ಷದ ಹಿಂದೆ ಎದ್ದ ಮೂರು ನಾಲ್ಕು ಮಹಡಿಯ ಸೊಸೈಟಿಗಳಲ್ಲಿ ಈಗ ಎಲ್ಲಿ ನೋಡಿದರೂ ರಿಡೆವಲಪ್‌ಮೆಂಟಿನದೇ ಮಾತು. ಮುಲುಂಡ್, ಡೊಂಬಿವಲಿ ಕಡೆ ಇಂಥ ಕಟ್ಟಡಗಳಲ್ಲಿ ಕನ್ನಡಿಗರ ಮನೆಗಳೂ ಸಾಕಷ್ಟಿವೆ. ಹಳೆಯದನ್ನು ಕೆಡವಿ ಬಿಲ್ಡರ್ ಹೊಸದು ಕಟ್ಟುತ್ತಾನೆ, ಹಳಬರಿಗೆ ಹೊಸ ಫ್ಲ್ಯಾಟ್, ಮೇಲಿನ ಮಹಡಿಗಳು ಅವನ ಮಾರಾಟಕ್ಕೆ. ಇದಕ್ಕೆ ಸದಸ್ಯರ ಒಪ್ಪಿಗೆ ಬೇಕು. ಅದನ್ನು ಕೇಳುವ ಕಾಗದವನ್ನು ಮಾತ್ರ ಹೆಚ್ಚಿನವರು ಬಾಗಿಲಲ್ಲೇ ನಿಂತು, ಓದದೆ ಸಹಿ ಮಾಡಿ ಕಳಿಸಿಬಿಡುತ್ತಾರೆ.

ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳಿಗೆ ಇದರ ದಾರಿಯನ್ನು ಸರ್ಕಾರ ಸಹಕಾರಿ ಕಾಯ್ದೆಯ 79ಎ ಕಲಮಿನಡಿ ಬರೆದಿಟ್ಟಿದೆ. ಮೊದಲು 2009ರ ಜನವರಿಯಲ್ಲಿ, ಆಮೇಲೆ ಪರಿಷ್ಕರಿಸಿ 2019ರ ಜುಲೈಯಲ್ಲಿ. ಇಪ್ಪತ್ನಾಲ್ಕು ಮನೆಗಳ ಒಂದು ಸೊಸೈಟಿಯನ್ನು ಊಹಿಸಿಕೊಂಡು 2019ರ ನಿಯಮದಂತೆ ಲೆಕ್ಕ ಹಾಕೋಣ. ವಿಶೇಷ ಸಭೆ ಕರೆಯಿರಿ ಎಂದು ಕೇಳಲು ಐದನೇ ಒಂದು ಭಾಗದ ಸದಸ್ಯರು, ಅಂದರೆ ಐವರು, ಲಿಖಿತವಾಗಿ ಬೇಡಿಕೆ ಕೊಡಬೇಕು. ನೋಟಿಸು ಸಭೆಗೆ ಹದಿನಾಲ್ಕು ದಿನ ಮೊದಲೇ ಪ್ರತಿಯೊಬ್ಬರ ಕೈ ಸೇರಿ, ತಲುಪಿದ್ದಕ್ಕೆ ಸಹಿ ದಾಖಲೆಯಲ್ಲಿರಬೇಕು. ಬೋರ್ಡಿಗೆ ಅಂಟಿಸಿದ್ದೇವೆ, ವಾಟ್ಸಾಪಿಗೆ ಹಾಕಿದ್ದೇವೆ ಎಂದರೆ ಸಾಲದು. ಮನೆ ಬಾಡಿಗೆಗೆ ಕೊಟ್ಟು ಊರಲ್ಲಿರುವವರ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲೂ ಒಂದು ಪ್ರತಿ ಹೋಗಲಿ. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ವಕೀಲರು ಮೊದಲು ಕೇಳುವುದೇ ಈ ರಸೀದಿಗಳನ್ನು.

ಕೋರಂ ಒಟ್ಟು ಸದಸ್ಯರ ಮೂರನೇ ಎರಡು ಭಾಗ, ಅಂದರೆ ಹದಿನಾರು. ಎಡವುವುದು ಮುಂದಿನ ಲೆಕ್ಕದಲ್ಲಿ. ಬಂದವರಲ್ಲಿ ಹೆಚ್ಚು ಜನ ಕೈ ಎತ್ತಿದರೆ ಆಯಿತು ಎಂದು ಹಲವು ಕಮಿಟಿಗಳು ತಿಳಿದಿವೆ. ಬೇಕಿರುವುದು ಬಂದವರ ಬಹುಮತವಲ್ಲ, ಒಟ್ಟು ಸದಸ್ಯರ 51 ಶೇಕಡ. ಇಪ್ಪತ್ನಾಲ್ಕಕ್ಕೆ ಅದು ಹದಿಮೂರು. ಹದಿನಾರು ಜನ ಬಂದು ಹತ್ತು ಜನ ಒಪ್ಪಿದರೆ ಸಭೆಯಲ್ಲಿ ಚಪ್ಪಾಳೆ ಬೀಳಬಹುದು, ನಿರ್ಣಯ ಮಾತ್ರ ಬಿದ್ದುಹೋದಂತೆ. ಗಂಡ ಹೆಂಡತಿ ಜಂಟಿ ಹೆಸರಿನಲ್ಲಿದ್ದರೆ ಒಂದೇ ಮತ. ಪ್ರಾಕ್ಸಿ ನಡೆಯದು. ತೀರಿಹೋದ ತಂದೆಯ ಹೆಸರಲ್ಲೇ ಷೇರು ಸರ್ಟಿಫಿಕೇಟು ಉಳಿದಿದ್ದರೆ ಮಗನ ಸಹಿಗೆ ತಕರಾರು ಬರುವುದು ಖಂಡಿತ. ಆದ್ದರಿಂದ ನೋಟಿಸು ಬರೆಯುವ ಮೊದಲು ಸೆಕ್ರೆಟರಿ ಸದಸ್ಯರ ರಿಜಿಸ್ಟರನ್ನು ಸರಿಪಡಿಸಿಕೊಳ್ಳಬೇಕು.

ಮೊದಲ ಸಭೆಯ ಕೆಲಸ ಬಹಳ ಚಿಕ್ಕದು. ಪುನರಭಿವೃದ್ಧಿ ಬೇಕೋ ಬೇಡವೋ ತೀರ್ಮಾನಿಸುವುದು, ಬೇಕಾದರೆ ಲೆಕ್ಕ ಹಾಕಿಕೊಡಲು ಒಬ್ಬ ಆರ್ಕಿಟೆಕ್ಟನ್ನೋ ಪ್ರಾಜೆಕ್ಟ್ ಕನ್ಸಲ್ಟೆಂಟನ್ನೋ ಆರಿಸುವುದು. ಬಿಲ್ಡರ್ ಬರುವುದು ಕನ್ಸಲ್ಟೆಂಟರ ವರದಿ, ಟೆಂಡರು ಎಲ್ಲ ಆದ ಮೇಲೆ, ರಿಜಿಸ್ಟ್ರಾರ್ ಕಚೇರಿಯ ಅಧಿಕಾರಿ ಹಾಜರಿರುವ ಬೇರೆ ಸಭೆಯಲ್ಲಿ. ನೋಟಿಸಿನ ಮಾತು ಈ ಗೆರೆಯನ್ನು ದಾಟಬಾರದು. ಹೀಗೆ ಬರೆದರೆ ಸಾಕು:

“ಐವರು ಸದಸ್ಯರ ಲಿಖಿತ ಬೇಡಿಕೆಯ ಮೇರೆಗೆ ವಿಶೇಷ ಸರ್ವಸದಸ್ಯರ ಸಭೆ ಕರೆಯಲಾಗಿದೆ. ವಿಷಯ ಒಂದು: ಸ್ಟ್ರಕ್ಚರಲ್ ಆಡಿಟ್ ವರದಿಯನ್ನು ಚರ್ಚಿಸಿ, ಪುನರಭಿವೃದ್ಧಿಗೆ ಹೋಗಬೇಕೇ, ದುರಸ್ತಿ ಸಾಕೇ ಎಂದು ತಾತ್ವಿಕವಾಗಿ ತೀರ್ಮಾನಿಸುವುದು. ವಿಷಯ ಎರಡು: ಪುನರಭಿವೃದ್ಧಿ ಎಂದಾದರೆ, ವರದಿ ತಯಾರಿಸಲು ಕನ್ಸಲ್ಟೆಂಟರನ್ನು ಆರಿಸಿ ಶುಲ್ಕ ನಿಗದಿಪಡಿಸುವುದು. ಬಿಲ್ಡರ್ ಆಯ್ಕೆ ಈ ಸಭೆಯ ವಿಷಯವಲ್ಲ. ಆಡಿಟ್ ವರದಿ ಮತ್ತು ಕನ್ಸಲ್ಟೆಂಟರ ದರಪಟ್ಟಿಗಳು ಸೊಸೈಟಿ ಕಚೇರಿಯಲ್ಲಿ ನೋಡಲು ಲಭ್ಯ. ಸಲಹೆಗಳನ್ನು ಬರಹದಲ್ಲಿ ಕೊಡಬಹುದು. ಸಭೆಯ ವಿಡಿಯೋ ಚಿತ್ರೀಕರಣ ನಡೆಯುತ್ತದೆ.”

‘ದುರಸ್ತಿ ಸಾಕೇ’ ಎಂಬ ಎರಡು ಪದಗಳನ್ನು ಕಮಿಟಿಯವರು ಹೊಡೆದುಹಾಕಲು ನೋಡುತ್ತಾರೆ. ಬಿಡಬೇಡಿ. ಬೇರೆ ದಾರಿಯನ್ನೂ ಮುಂದಿಟ್ಟು ಕೇಳಿದ ಪ್ರಶ್ನೆಗೆ ಬಂದ ಉತ್ತರವೇ ಒಪ್ಪಿಗೆ. ಇನ್ನು, ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂಬ ಬಾಲದ ಸಾಲಿನಡಿ ಬಿಲ್ಡರನ ಹೆಸರು ನುಸುಳಿದರೆ ಆಗಲೇ ಎದ್ದುನಿಂತು ತಕರಾರು ಬರೆಸಬೇಕು.

ನೋಟಿಸಿಗಿಂತ ಹೆಚ್ಚು ಅಪಾಯ ಅದರ ಜೊತೆ ಬರುವ ಒಪ್ಪಿಗೆ ಪತ್ರದಲ್ಲಿ. ಸಾಮಾನ್ಯವಾಗಿ ಓಡಾಡುವ ನಮೂನೆ ಹೀಗಿರುತ್ತದೆ: “ಕಟ್ಟಡದ ಪುನರಭಿವೃದ್ಧಿಗೂ, ಈ ಬಗ್ಗೆ ಕಮಿಟಿ ಕೈಗೊಳ್ಳುವ ಎಲ್ಲ ನಿರ್ಣಯಗಳಿಗೂ ನನ್ನ ಸಂಪೂರ್ಣ ಒಪ್ಪಿಗೆ ಇದೆ.” ಈ ಒಂದು ವಾಕ್ಯದಲ್ಲಿ ಬಿಲ್ಡರ್, ವಿಸ್ತೀರ್ಣ, ಬಾಡಿಗೆ, ಕಾರ್ಪಸ್ ಹಣ ಎಲ್ಲವೂ ಕೈಬಿಟ್ಟು ಹೋಯಿತು. ಅದರ ಬದಲು: “ಮೇಲಿನ ನೋಟಿಸಿನ ವಿಷಯ ಒಂದು ಮತ್ತು ಎರಡಕ್ಕೆ ಮಾತ್ರ ನನ್ನ ಒಪ್ಪಿಗೆ ಇದೆ / ಇಲ್ಲ. ಬಿಲ್ಡರ್ ಆಯ್ಕೆ ಮತ್ತು ಕರಾರಿನ ಷರತ್ತುಗಳ ಬಗ್ಗೆ ಪ್ರತ್ಯೇಕವಾಗಿ ಮತ ಕೊಡುವ ಹಕ್ಕು ನನ್ನಲ್ಲೇ ಉಳಿದಿದೆ.” ‘ಇಲ್ಲ’ ಎನ್ನಲು ಜಾಗವಿಲ್ಲದ ಪತ್ರಕ್ಕೆ ಸಹಿ ಹಾಕುವುದೇ ಬೇಡ.

ಬಿಲ್ಡರ್ ಆಯ್ಕೆಯ ಹಂತದ ಪ್ರಸ್ತಾವದಲ್ಲಿ ಮೊದಲು ಕಣ್ಣಿಡಬೇಕಾದದ್ದು ‘30 ಶೇಕಡ ಹೆಚ್ಚುವರಿ ಜಾಗ’ ಎಂಬ ಸಾಲಿನ ಮೇಲೆ. ಯಾವುದರ ಮೇಲೆ 30? ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಮನೆಯೊಳಗಿನ ಅಡ್ಡಗೋಡೆಗಳೂ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಹಳೆಯ ಮನೆಯನ್ನು ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳೆದಾಗ ಅಡ್ಡಗೋಡೆಗಳು ಬಿಟ್ಟುಹೋಗುತ್ತವೆ. ಹಾಗೆ ಅಳೆದು 450 ಚದರ ಅಡಿ ಬಂತು, ಅಡ್ಡಗೋಡೆಗಳ ಜಾಗ 20 ಅಡಿ ಎಂದುಕೊಳ್ಳಿ. ರೇರಾ ಲೆಕ್ಕದಲ್ಲಿ ನಿಮ್ಮದು ಆಗಲೇ 470. ಬಿಲ್ಡರ್ 450ರ ಮೇಲೆ 30 ಶೇಕಡ ಸೇರಿಸಿ 585 ರೇರಾ ಕಾರ್ಪೆಟ್ ಕೊಡುತ್ತೇನೆ ಎಂದರೆ ನಿಜವಾದ ಹೆಚ್ಚಳ 115 ಅಡಿ, ಅಂದರೆ ಶೇಕಡ 25ಕ್ಕಿಂತ ಸ್ವಲ್ಪ ಕಡಿಮೆ. 470ರ ಮೇಲೆ 30 ಎಂದಿದ್ದರೆ 611 ಸಿಗಬೇಕಿತ್ತು. ಅದಕ್ಕೇ ಪ್ರಸ್ತಾವದಲ್ಲಿ ಶೇಕಡಾವಾರು ಬೇಡ. ಪ್ರತಿ ಫ್ಲ್ಯಾಟಿನ ಮುಂದೆ ಈಗಿನ ರೇರಾ ಕಾರ್ಪೆಟ್, ಸಿಗಲಿರುವ ರೇರಾ ಕಾರ್ಪೆಟ್ ಎಂದು ಎರಡು ಸಂಖ್ಯೆಗಳ ಪಟ್ಟಿ ಲಗತ್ತಿಸಲಿ. ಬಾಡಿಗೆಯ ಮಾತೂ ಹೀಗೆಯೇ. ‘ಕಾಮಗಾರಿ ಮುಗಿಯುವವರೆಗೆ’ ಎಂದರೆ ಜಗಳಕ್ಕೆ ದಾರಿ, ‘ಆಕ್ಯುಪೇಶನ್ ಸರ್ಟಿಫಿಕೇಟು ಬಂದು ಕೀಲಿ ಕೈಗೆ ಸಿಗುವವರೆಗೆ’ ಎಂದಿರಬೇಕು. ಯೋಜನಾ ವೆಚ್ಚದ 20 ಶೇಕಡದಷ್ಟು ಬ್ಯಾಂಕ್ ಗ್ಯಾರಂಟಿಯನ್ನು ಮಾರ್ಗಸೂಚಿಯೇ ಹೇಳಿದೆ. ಪ್ರಸ್ತಾವದಲ್ಲಿ ಅದು ಕಾಣದಿದ್ದರೆ ಏಕೆಂದು ಕೇಳಿ.

ಇಷ್ಟು ಅಕ್ಷರ ಎಣಿಸುವುದಕ್ಕೆ ಕಾರಣವಿದೆ. 79ಎ ಮಾರ್ಗಸೂಚಿಗಳ ಪ್ರತಿ ಸಾಲೂ ಕಡ್ಡಾಯವಲ್ಲ, ಅವು ನಿರ್ದೇಶನದ ಸ್ವರೂಪದವು ಎಂದು ಬಾಂಬೆ ಹೈಕೋರ್ಟ್ ಹೇಳಿದ್ದುಂಟು. ಸರ್ವಸದಸ್ಯರ ಸಭೆ ಸರಿಯಾಗಿ ಬಹುಮತದಿಂದ ಕೈಗೊಂಡ ನಿರ್ಣಯ ಒಪ್ಪದವರನ್ನೂ ಕಟ್ಟಿಹಾಕುತ್ತದೆ ಎಂದೂ ಮತ್ತೆ ಮತ್ತೆ ಹೇಳಿದೆ. ಮನೆ ಖಾಲಿ ಮಾಡುವುದಿಲ್ಲ ಎಂದು ಆಮೇಲೆ ಕೂತ ಒಬ್ಬಿಬ್ಬರ ವಾದ ಕೋರ್ಟಿನಲ್ಲಿ ನಿಲ್ಲುವುದು ಅಪರೂಪ. ಆಕ್ಷೇಪಕ್ಕೆ ಬಲವಿರುವುದು ನೋಟಿಸು ಬಂದ ದಿನದಿಂದ ಮತ ಹಾಕುವವರೆಗೆ ಮಾತ್ರ. ಸಭೆಯಾದ ಹತ್ತು ದಿನದೊಳಗೆ ಮಿನಿಟ್ಸ್ ಎಲ್ಲರಿಗೂ ತಲುಪಬೇಕು. ಅದನ್ನು ನೋಟಿಸಿನ ಪಕ್ಕದಲ್ಲಿಟ್ಟು ಓದಿ, ನೋಟಿಸಿನಲ್ಲಿಲ್ಲದ ನಿರ್ಣಯ ಮಿನಿಟ್ಸಿನಲ್ಲಿ ಕಂಡರೆ ಅಂದೇ ಬರಹದಲ್ಲಿ ತಕರಾರು ಕೊಟ್ಟು ರಸೀದಿ ಪಡೆಯಿರಿ.

ಬೆಂಗಳೂರಿನವರು ಈ ನಮೂನೆಯನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ, 1972ರಡಿ ಡಿಕ್ಲರೇಶನ್ ನೋಂದಾಯಿಸಿದ ಕಟ್ಟಡದಲ್ಲಿ ಪ್ರತಿ ಫ್ಲ್ಯಾಟಿನ ಜೊತೆ ನೆಲದ ಅವಿಭಜಿತ ಪಾಲೂ ಮಾಲೀಕರದೇ. ಆ ಆಸ್ತಿಯನ್ನು ಕಾಯ್ದೆಯಿಂದ ಹೊರತರಲು ಎಲ್ಲ ಮಾಲೀಕರೂ ಪತ್ರಕ್ಕೆ ಸಹಿ ಹಾಕಬೇಕು. ಮುಂಬಯಿಯಲ್ಲಿ ಇಪ್ಪತ್ನಾಲ್ಕರಲ್ಲಿ ಹದಿಮೂರು ಸಾಕಾದಲ್ಲಿ ಇಲ್ಲಿ ಇಪ್ಪತ್ನಾಲ್ಕೂ ಬೇಕು.