ಸ್ಟೋರ್ಸ್ ಅಸಿಸ್ಟೆಂಟ್‌ನ ರೆಸ್ಯೂಮ್‌ನಲ್ಲಿ ಒಂದು ಲೆಕ್ಕ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸ್ ಅಸಿಸ್ಟೆಂಟ್ ಒಬ್ಬನನ್ನು ಊಹಿಸಿಕೊಳ್ಳಿ. ಐದು ವರ್ಷದ ಅನುಭವ. ಈಗ ಇನ್ನೊಂದು ಕಂಪನಿಯ ‘ಇನ್ವೆಂಟರಿ ಎಕ್ಸಿಕ್ಯುಟಿವ್’ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ. ಅವನ ರೆಸ್ಯೂಮ್‌ನಲ್ಲಿ ಹೀಗಿದೆ: ‘ಸ್ಟೋರ್ಸ್ ನಿರ್ವಹಣೆ. ಸರಕು ಬಂದಾಗ ಜಿಆರ್‌ಎನ್ ಎಂಟ್ರಿ. ಸ್ಟಾಕ್ ರಿಜಿಸ್ಟರ್ ಬರೆಯುವುದು. ಲೈನ್‌ಗೆ ಸಾಮಾನು ಕೊಡುವುದು.’

ಇದರಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಏನೆಂದರೆ, ಸ್ಟಾಕನ್ನು ಅಚ್ಚುಕಟ್ಟಾಗಿ ಇಟ್ಟವನೂ ಇದನ್ನೇ ಬರೆಯುತ್ತಾನೆ, ಎಲ್ಲವನ್ನೂ ಎಡವಟ್ಟು ಮಾಡಿದವನೂ ಇದನ್ನೇ ಬರೆಯುತ್ತಾನೆ. ಇಬ್ಬರಲ್ಲಿ ಯಾರನ್ನು ಕರೆಯಬೇಕೆಂದು ತಿಳಿಯಲು ಓದುವ ಎಚ್‌ಆರ್‌ಗೆ ದಾರಿಯೇ ಇಲ್ಲ.

ಗೂಗಲ್‌ನಲ್ಲಿ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಇದಕ್ಕೊಂದು ಸರಳ ಸೂತ್ರ ಹೇಳಿದ್ದಾರೆ. ಏನು ಸಾಧಿಸಿದಿರಿ, ಅದನ್ನು ಯಾವ ಅಳತೆಯಲ್ಲಿ ನೋಡಬಹುದು, ಏನು ಮಾಡಿ ಸಾಧಿಸಿದಿರಿ, ಈ ಮೂರೂ ಒಂದೇ ಸಾಲಿನಲ್ಲಿ ಇರಬೇಕು. ಬಹಳ ಮಂದಿ ಎರಡನೆಯದನ್ನು ಹೇಗೋ ತುಂಬಿಸಿ ಮೂರನೆಯದನ್ನು ಮರೆಯುತ್ತಾರೆ. ನನ್ನ ಪ್ರಕಾರ ಮೂರನೆಯದೇ ಮುಖ್ಯ.

ನಮ್ಮ ಸ್ಟೋರ್ಸ್‌ಗೆ ಬರೋಣ. ಅಲ್ಲಿ 1,800 ಬಗೆಯ ಐಟಂಗಳಿವೆ. ಮಾರ್ಚ್ 31ರ ಎಣಿಕೆಯಲ್ಲಿ 162 ಐಟಂಗಳ ಲೆಕ್ಕ ತಾಳೆಯಾಗಲಿಲ್ಲ. ಕಂಪ್ಯೂಟರ್ ಒಂದು ಹೇಳಿದರೆ ರ‍್ಯಾಕ್‌ನಲ್ಲಿ ಇನ್ನೊಂದು ಇತ್ತು. ರಾತ್ರಿ ಪಾಳಿಯವರು ಚೀಟಿ ಇಲ್ಲದೆ ಸಾಮಾನು ಒಯ್ದು, ಬೆಳಿಗ್ಗೆ ಬರೆಸಲು ಮರೆಯುತ್ತಿದ್ದುದು ಕಾರಣ. ಇವನು ಚೀಟಿ ಕಡ್ಡಾಯ ಮಾಡಿಸಿದ. ವರ್ಷದ ಕೊನೆಯವರೆಗೆ ಕಾಯದೆ, ದುಬಾರಿ ಐಟಂಗಳನ್ನು ಪ್ರತಿ ಶನಿವಾರ ಎಣಿಸತೊಡಗಿದ. ಮುಂದಿನ ಮಾರ್ಚ್‌ನಲ್ಲಿ ವ್ಯತ್ಯಾಸ ಕಂಡದ್ದು 54 ಐಟಂಗಳಲ್ಲಿ. ಅಂದಮೇಲೆ ರೆಸ್ಯೂಮ್‌ನ ಸಾಲು ಹೀಗಾಗಬೇಕು: ‘1,800 ಐಟಂಗಳ ಸ್ಟೋರ್ಸ್‌ನಲ್ಲಿ ವಾರದ ಎಣಿಕೆ ಹಾಗೂ ರಾತ್ರಿ ಪಾಳಿಗೆ ಕಡ್ಡಾಯ ಚೀಟಿ ತಂದು, ಲೆಕ್ಕ ತಾಳೆಯಾಗದ ಐಟಂಗಳನ್ನು ಒಂದು ವರ್ಷದಲ್ಲಿ 162ರಿಂದ 54ಕ್ಕೆ ಇಳಿಸಿದೆ.’

‘ವ್ಯತ್ಯಾಸವನ್ನು ಮೂರನೇ ಎರಡರಷ್ಟು ಇಳಿಸಿದೆ’ ಎಂದಷ್ಟೇ ಬರೆದಿದ್ದರೆ? ಮೂರು ಐಟಂ ಒಂದಕ್ಕೆ ಇಳಿದರೂ ಅದೇ ಮಾತು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎಷ್ಟು ಸಮಯದಲ್ಲಿ ಎಂಬುದು ಇಲ್ಲದ ಶೇಕಡಾವಾರನ್ನು ಅನುಭವಿ ಮ್ಯಾನೇಜರ್ ನಂಬುವುದಿಲ್ಲ. ‘ಎಣಿಸಿದ್ದು ಯಾರು? ಅದೇ ವರ್ಷ ಹೊಸ ಸಾಫ್ಟ್‌ವೇರ್ ಬಂದಿತ್ತಾ?’ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಬಂದಿದ್ದರೆ ಹೇಳಿಬಿಡಬೇಕು. ಮೂವರು ಸೇರಿ ಮಾಡಿದ್ದಾದರೆ ‘ಮೂವರ ತಂಡದಲ್ಲಿ’ ಎಂದು ಸೇರಿಸಬೇಕು. ಒಂದು ಪ್ರಶ್ನೆಗೆ ತಡವರಿಸಿದರೂ ಉಳಿದ ಅಂಕಿಗಳ ಮೇಲೂ ಅನುಮಾನ ಬೀಳುತ್ತದೆ.

ಯಾವ ಅಂಕಿಯನ್ನು ಮುಂದಿಡಬೇಕು ಎನ್ನುವುದನ್ನು ತೀರ್ಮಾನಿಸುವುದು ಎದುರಿಗಿರುವ ಹುದ್ದೆ. ಜಾಹೀರಾತಿನಲ್ಲಿ ‘ಸ್ಟಾಕ್ ನಿಖರತೆ’ ಎಂದಿದ್ದರೆ ಮೇಲಿನ ಸಾಲು ಮೊದಲು ಬರಲಿ. ಇವನೇ ಪರ್ಚೇಸ್ ವಿಭಾಗಕ್ಕೆ ಅರ್ಜಿ ಹಾಕಿದರೆ ಅದೇ ಸಾಲು ಕೆಳಗಿಳಿಯಬೇಕು. ಸಾಮಾನು ಇಲ್ಲದೆ ಲೈನ್ ನಿಂತದ್ದು ತಿಂಗಳಿಗೆ ಎಷ್ಟು ಸಲದಿಂದ ಎಷ್ಟಕ್ಕೆ ಇಳಿಯಿತು ಎಂಬುದೇ ಅಲ್ಲಿನವರಿಗೆ ಬೇಕಾದದ್ದು. ದಿನಕ್ಕೆ ಎಷ್ಟು ಎಂಟ್ರಿ ಹೊಡೆದೆ ಎಂಬ ಲೆಕ್ಕ ಎರಡೂ ಕಡೆ ಹೆಚ್ಚು ತೂಗುವುದಿಲ್ಲ. ಅದು ದುಡಿಮೆಯ ಪ್ರಮಾಣ, ಫಲ ಬೇರೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಸಾಫ್ಟ್‌ವೇರ್‌ನಲ್ಲಿ ಹುಡುಕಿ ತೆಗೆಯುವುದುಂಟು. ಅಲ್ಲಿ ಹೆಚ್ಚಾಗಿ ಕೆಲಸಕ್ಕೆ ಬರುವುದು ಜಾಹೀರಾತಿನಲ್ಲಿರುವ ಪದಗಳೇ. ಹಾಗಾಗಿ ಆ ಪದವೂ ಅಂಕಿಯೂ ಒಂದೇ ಸಾಲಿನಲ್ಲಿದ್ದರೆ ಒಳ್ಳೆಯದು.

ಕರ್ತವ್ಯಗಳ ಪಟ್ಟಿಯನ್ನು ಪೂರ್ತಿ ಕಿತ್ತುಹಾಕಬೇಕಾಗಿಲ್ಲ. ಎಷ್ಟು ದೊಡ್ಡ ಸ್ಟೋರ್ಸ್, ಯಾವ ಸಾಫ್ಟ್‌ವೇರ್, ಕೈಕೆಳಗೆ ಎಷ್ಟು ಜನ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದು. ಎಲ್ಲ ಸಾಲಿಗೂ ಅಂಕಿ ಅಂಟಿಸಲು ಹೊರಟರೆ ‘ತಂಡದ ಹುರುಪು 40% ಹೆಚ್ಚಿಸಿದೆ’ ಎಂಬಂಥ ತಮಾಷೆಗಳು ಹುಟ್ಟುತ್ತವೆ.

ಹಳೆಯ ಮಾಲೀಕರ ಗುಟ್ಟನ್ನು ಹೊಸಬರ ಮೇಜಿನ ಮೇಲೆ ಇಡುವುದೂ ಸಲ್ಲದು. ಸ್ಟಾಕ್‌ನ ಒಟ್ಟು ರೂಪಾಯಿ ಮೌಲ್ಯ, ಗಿರಾಕಿಯ ಹೆಸರು, ಖರೀದಿ ದರ ಬೇಡ. ಐಟಂಗಳ ಸಂಖ್ಯೆ ಸಾಕು.

ಈ ಅಂಕಿಗಳು ಎಲ್ಲಿ ಸಿಗುತ್ತವೆ? ಆಡಿಟ್‌ಗೆ ಮುಂಚಿನ ಎಣಿಕೆ ಹಾಳೆ, ತಿಂಗಳ ವರದಿ, ವಾರ್ಷಿಕ ಅಪ್ರೈಸಲ್ ಫಾರಂಗಳಲ್ಲಿ. ಕೆಲಸ ಬಿಟ್ಟ ಮೇಲೆ ಲಾಗಿನ್ ಬಂದ್ ಆಗುತ್ತದೆ, ಆ ಹಾಳೆಗಳು ಕೈಗೆ ಸಿಗುವುದಿಲ್ಲ. ಕಂಪನಿಯ ಕಡತ ನಕಲು ಮಾಡಬೇಡಿ. ನಿಮ್ಮ ಕೆಲಸದ ಹಿಂದಿನ ಅಂಕಿ, ಈಗಿನ ಅಂಕಿ ಎರಡನ್ನೂ ಈ ವರ್ಷದ ಅಪ್ರೈಸಲ್ ಹೊತ್ತಿಗೇ ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.