ಹಿತ, ಮಿತ, ಅಸಂದಿಗ್ಧ: ಕಾದ ಮನಸ್ಸಿನ ಮಾತು

ಜೈನಧರ್ಮ ಹೇಳುವ ಐದು ಸಮಿತಿಗಳಲ್ಲಿ ಎರಡನೆಯದು ಭಾಷಾ ಸಮಿತಿ. ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ನುಡಿಯುವುದು ಅದರ ಲಕ್ಷಣ. ಮುನಿಗಳಿಗೆ ವಿಧಿಸಿದ ಈ ಆಚಾರವು ಗೃಹಸ್ಥರಿಗೂ ದಾರಿದೀಪ.

ರಾತ್ರಿಭೋಜನ ತ್ಯಾಗದ ನಿಯಮವಿರುವ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸೂರ್ಯಾಸ್ತಕ್ಕೆ ಮೊದಲು ಜೊತೆಯಾಗಿ ಉಣ್ಣಬೇಕೆಂಬುದು ದಂಪತಿಯ ಒಪ್ಪಂದ. ಅಂಗಡಿಯಿಂದ ಐದೂವರೆಗೆ ಬರುವೆನೆಂದ ಪತಿ ವಾರದಲ್ಲಿ ಮೂರು ದಿನ ಕತ್ತಲಾದ ಮೇಲೆ ಬರುತ್ತಾನೆ. ಕಾದು ಕುಳಿತ ಪತ್ನಿ ಒಮ್ಮೆ ಅವಸರದಲ್ಲಿ ಒಬ್ಬಳೇ ಉಣ್ಣುತ್ತಾಳೆ, ಮತ್ತೊಮ್ಮೆ ಉಪವಾಸ ಮಲಗುತ್ತಾಳೆ.

ಆತ ಹೊಸ್ತಿಲು ದಾಟಿದ ಕ್ಷಣವೇ ಮಾತು ತೆಗೆದರೆ ನಾಲಗೆಯ ಮೇಲೆ ಕ್ರೋಧವಿರುತ್ತದೆ. ಹಾಗೆಂದು ನುಂಗಿಕೊಂಡು ಮೌನವಾಗಿರುವುದೂ ಕ್ಷಮೆಯಲ್ಲ. ನೀರ ಮೇಲಿನ ಗೆರೆ, ಧೂಳಿನ ಗೆರೆ, ನೆಲದ ಬಿರುಕು, ಕಲ್ಲಿನ ಬಿರುಕು ಎಂದು ಶಾಸ್ತ್ರವು ಕ್ರೋಧಕ್ಕೆ ನಾಲ್ಕು ಹೋಲಿಕೆಗಳನ್ನು ಕೊಡುತ್ತದೆ. ಹೇಳದೆ ಕೂಡಿಟ್ಟ ನೋವು ನೀರಿನ ಗೆರೆಯಾಗಿ ಅಳಿಯುವ ಬದಲು ನೆಲದ ಬಿರುಕಾಗಿ ಉಳಿಯುತ್ತದೆ. ಆದ್ದರಿಂದ ಮರುದಿನ ಬೆಳಿಗ್ಗೆ, ಇಬ್ಬರಿಗೂ ಬಿಡುವಿದ್ದಾಗ, ಆಕೆ ಹೇಳಬೇಕು:

“ರೀ, ನಿನ್ನೆ ಐದೂವರೆಗೆ ಬರುತ್ತೇನೆ ಎಂದಿದ್ದಿರಿ. ಹೊತ್ತು ಮುಳುಗುವವರೆಗೆ ಕಾದೆ. ಒಬ್ಬಳೇ ಊಟಕ್ಕೆ ಕುಳಿತಾಗ ಮನಸ್ಸಿಗೆ ನೋವಾಯಿತು. ಈ ವಾರ ಇದು ಮೂರನೆಯ ಸಲ. ತಡವಾಗುವುದಾದರೆ ಐದು ಗಂಟೆಯೊಳಗೆ ಒಂದು ಫೋನ್ ಮಾಡುತ್ತೀರಾ?”

ಬಿಡುವಿನ ಹೊತ್ತನ್ನು ಆರಿಸಿದ್ದು ಹಿತ. ಹಳೆಯ ವರ್ಷಗಳ ಲೆಕ್ಕ ತೆಗೆಯದೆ ಈ ವಾರಕ್ಕೇ ನಿಂತದ್ದು ಮಿತ. ಪಾತ್ರೆ ಕುಕ್ಕಿ ಸೂಚನೆ ಕೊಡದೆ, ಬೇಕಾದುದನ್ನು ಬಾಯಿಬಿಟ್ಟು ಕೇಳಿದ್ದು ಅಸಂದಿಗ್ಧ.

“ನೀವು ಯಾವಾಗಲೂ ಹೀಗೆಯೇ, ನನ್ನ ಮೇಲೆ ನಿಮಗೆ ಗೌರವವೇ ಇಲ್ಲ” ಎಂಬ ನುಡಿಯಾದರೋ ಏಕಾಂತ ನುಡಿ. ಅದು ಕೆಲವು ದಿನಗಳ ಘಟನೆಯನ್ನು ಇಡೀ ವ್ಯಕ್ತಿಯ ಸ್ವಭಾವವಾಗಿಸುತ್ತದೆ. ಆಗ ಪತಿ ಸಮಯಕ್ಕೆ ಬಂದ ನಾಲ್ಕು ದಿನಗಳನ್ನು ಎಣಿಸತೊಡಗುತ್ತಾನೆ, ಮಾತು ಜಗಳವಾಗುತ್ತದೆ. ಸ್ಯಾದ್ವಾದವು ಕಲಿಸುವುದು ಒಂದು ದೃಷ್ಟಿಯಿಂದ ಕಂಡದ್ದನ್ನು ಅಷ್ಟಕ್ಕೇ ಹೇಳುವುದನ್ನು. ಆಕೆಯ ನೋವು ನಿಜ. ಆತನನ್ನು ತಡೆದು ನಿಲ್ಲಿಸಿದ ಗಿರಾಕಿಯೂ ನಿಜವಿರಬಹುದು. ಹೇಳಿದ ಮೇಲೆ ಆತನ ಕಾರಣವನ್ನು ಪೂರ್ತಿ ಕೇಳುವುದು ಇದೇ ತತ್ತ್ವದ ಇನ್ನೊಂದು ಮುಖ.

ಆತನ ದನಿಯೇರಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ, ಸಂಜೆಯೋ ಮರುದಿನವೋ ಮುಂದುವರಿಸುವುದು ಲೇಸು. ಮೃದುವಾಗಿ ನುಡಿದ ಮಾತ್ರಕ್ಕೆ ಎದುರಿನವರ ಅಭ್ಯಾಸ ಬದಲಾಗಲೇಬೇಕೆಂದಿಲ್ಲ. ಫೋನ್ ಬಾರದ ದಿನ ಆಕೆ ಹೊತ್ತಿರುವಾಗಲೇ ಉಂಡು ತನ್ನ ನಿಯಮವನ್ನು ಉಳಿಸಿಕೊಳ್ಳಲಿ. ಹಾಗೆ ಮಾಡುವೆನೆಂದು ಮೊದಲೇ ತಿಳಿಸಿರಲಿ. ಅದು ಸೇಡಲ್ಲವೆಂದು ಆಗ ಆತನಿಗೂ ತಿಳಿದಿರುತ್ತದೆ.