ಹಳೆಯ ಲಿಥಿಯಂ ಬ್ಯಾಟರಿಯಲ್ಲಿ ಬೆಲೆಯುಳ್ಳ ಲೋಹ ಯಾವುದು?

ಹಳೆಯ ಮೊಬೈಲ್ ಬ್ಯಾಟರಿಗಳನ್ನು ಸಂಗ್ರಹಿಸಿ ಮಾರುವ ನಮ್ಮ ಕಕ್ಷಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ಇ-ರಿಕ್ಷಾಗಳಿಂದ ತೆಗೆದ ಎರಡು ಟನ್ ಲಿಥಿಯಂ ಬ್ಯಾಟರಿಗಳನ್ನು ಒಟ್ಟಿಗೆ ಕೊಂಡರು. ಮೊಬೈಲ್ ಬ್ಯಾಟರಿಗಳಿಗೆ ಕೊಡುತ್ತಿದ್ದ ಕಿಲೋ ದರವನ್ನೇ ಇವಕ್ಕೂ ಕೊಟ್ಟಿದ್ದರು. ವರ್ಷಾಂತ್ಯದಲ್ಲಿ ದಾಸ್ತಾನಿನ ಮೌಲ್ಯ ನಿರ್ಧರಿಸುವ ಸಲುವಾಗಿ ನಾವು ಪುನರ್ಬಳಕೆ ಘಟಕವೊಂದರಿಂದ ದರ ಕೇಳಿದಾಗ, ಅವರು ಸೂಚಿಸಿದ್ದು ಕೊಂಡ ಬೆಲೆಯ ಅರ್ಧಕ್ಕಿಂತಲೂ ಕಡಿಮೆ. ತೂಕದಲ್ಲಿ ಮೋಸವಿರಲಿಲ್ಲ, ಮಾಲೂ ಕೆಟ್ಟಿರಲಿಲ್ಲ. “ಎರಡೂ ಲಿಥಿಯಂ ಬ್ಯಾಟರಿಯೇ ಅಲ್ಲವೇ ಸಾರ್?” ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಲಿಥಿಯಂ ಅಯಾನ್ ಎಂಬುದು ಒಂದೇ ಬ್ಯಾಟರಿಯ ಹೆಸರಲ್ಲ, ಅದೊಂದು ಕುಟುಂಬದ ಹೆಸರು. ಈ ಕುಟುಂಬದ ಬಹುತೇಕ ಎಲ್ಲ ಸೆಲ್‌ಗಳ ಒಳರಚನೆ ಒಂದೇ ಬಗೆಯದು. ತೆಳುವಾದ ತಾಮ್ರದ ಹಾಳೆಯ ಮೇಲೆ ಗ್ರಾಫೈಟ್ ಲೇಪನ, ಅಲ್ಯೂಮಿನಿಯಂ ಹಾಳೆಯ ಮೇಲೆ ಕ್ಯಾಥೋಡ್ ಎಂದು ಕರೆಯಲಾಗುವ ಪುಡಿಯ ಲೇಪನ, ಎರಡರ ನಡುವೆ ಪ್ಲಾಸ್ಟಿಕ್ ಪರದೆ ಮತ್ತು ದ್ರಾವಣ. ಭೇದವಿರುವುದು ಆ ಕ್ಯಾಥೋಡ್ ಪುಡಿಯಲ್ಲಿ. ಬೆಲೆಯ ಬಹುಭಾಗ ಅಡಗಿರುವುದೂ ಅಲ್ಲಿಯೇ.

ಮೊಬೈಲ್ ಮತ್ತು ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಈ ಪುಡಿಯ ತೂಕದಲ್ಲಿ ಶೇ. 60ರಷ್ಟು ಕೋಬಾಲ್ಟ್, ಶೇ. 7ರಷ್ಟು ಲಿಥಿಯಂ. ಅನೇಕ ವಿದ್ಯುತ್ ಕಾರುಗಳಲ್ಲಿ ನಿಕ್ಕಲ್, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಸೇರಿದ ಪುಡಿ ಇರುತ್ತದೆ. ಇದನ್ನು ಎನ್‌ಎಂಸಿ ಎನ್ನುತ್ತಾರೆ. ಇದರ ನಿಕ್ಕಲ್ ಪ್ರಧಾನವಾದ 811 ಎಂಬ ಬಗೆಯಲ್ಲಿ ನಿಕ್ಕಲ್ ಶೇ. 48ರಷ್ಟಿದ್ದು ಕೋಬಾಲ್ಟ್ ಶೇ. 6ಕ್ಕೆ ಇಳಿದಿದೆ. ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್, ವ್ಯವಹಾರದ ಮಾತಿನಲ್ಲಿ ಎಲ್‌ಎಫ್‌ಪಿ. ಇ-ರಿಕ್ಷಾ, ಸೌರ ದೀಪ, ಇನ್ವರ್ಟರ್ ಮುಂತಾದವುಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ಇದರಲ್ಲಿ ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ. ಶೇ. 35ರಷ್ಟು ಕಬ್ಬಿಣ ಮತ್ತು ಕೇವಲ ಶೇ. 4.4ರಷ್ಟು ಲಿಥಿಯಂ ಇದೆ. ನಮ್ಮ ಕಕ್ಷಿದಾರರು ಕೋಬಾಲ್ಟ್‌ನ ದರ ಕೊಟ್ಟು ಕೊಂಡದ್ದು ಕಬ್ಬಿಣವನ್ನು.

ಈ ವ್ಯತ್ಯಾಸವು ಹಣದಲ್ಲಿ ಎಷ್ಟಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಇಲ್ಲಿನ ದರಗಳು ವಿವರಣೆಗಾಗಿ ಇಟ್ಟುಕೊಂಡವೇ ಹೊರತು ಇಂದಿನ ಪೇಟೆ ಧಾರಣೆಯಲ್ಲ. ಒಂದು ಟನ್ ಸೆಲ್‌ಗಳಲ್ಲಿ ಕ್ಯಾಥೋಡ್ ಪುಡಿ 330 ಕಿಲೋ, ತಾಮ್ರ 80 ಕಿಲೋ ಎಂದಿಟ್ಟುಕೊಳ್ಳೋಣ. ಕೋಬಾಲ್ಟ್ ಕಿಲೋಗೆ ರೂ. 2,000, ತಾಮ್ರ ರೂ. 800, ಲಿಥಿಯಂ ಕಾರ್ಬೊನೇಟ್ ರೂ. 800 ಎಂದಿರಲಿ. ಕೋಬಾಲ್ಟ್‌ನಲ್ಲಿ ಶೇ. 90, ಲಿಥಿಯಂನಲ್ಲಿ ಶೇ. 80 ಕೈಗೆ ಸಿಗುತ್ತದೆ, ತಾಮ್ರ ಪೂರ್ತಿಯಾಗಿ ಸಿಗುತ್ತದೆ ಎಂದು ಭಾವಿಸೋಣ.

ಮೊಬೈಲ್ ಸೆಲ್‌ಗಳ ಒಂದು ಟನ್ನಿನಲ್ಲಿ ಸುಮಾರು 199 ಕಿಲೋ ಕೋಬಾಲ್ಟ್ ಇರುತ್ತದೆ. ಅದರಲ್ಲಿ ದೊರೆಯುವ 179 ಕಿಲೋಗೆ ರೂ. 3,58,000. ಲಿಥಿಯಂ ಲೋಹರೂಪದಲ್ಲಲ್ಲದೆ ಕಾರ್ಬೊನೇಟ್ ರೂಪದಲ್ಲಿ ಮಾರಾಟವಾಗುತ್ತದೆ. ಒಂದು ಕಿಲೋ ಲಿಥಿಯಂನಿಂದ 5.3 ಕಿಲೋ ಕಾರ್ಬೊನೇಟ್ ಆಗುವುದರಿಂದ ಸುಮಾರು 100 ಕಿಲೋಗೆ ರೂ. 80,000. ತಾಮ್ರಕ್ಕೆ ರೂ. 64,000. ಒಟ್ಟು ರೂ. 5,02,000. ಎಲ್‌ಎಫ್‌ಪಿ ಸೆಲ್‌ಗಳ ಒಂದು ಟನ್ನಿನಲ್ಲಾದರೋ ಲಿಥಿಯಂ ಕಾರ್ಬೊನೇಟ್ ಸುಮಾರು 62 ಕಿಲೋ, ಅಂದರೆ ರೂ. 49,600. ತಾಮ್ರ ಸೇರಿಸಿದರೂ ಒಟ್ಟು ರೂ. 1,13,600 ಮಾತ್ರ. ಸಾಗಣೆ, ವಿದ್ಯುತ್, ಆಮ್ಲ, ಕೂಲಿ ಇವುಗಳ ವೆಚ್ಚವನ್ನು ಎರಡರಲ್ಲಿಯೂ ಇನ್ನೂ ಕಳೆಯಬೇಕಾಗಿದೆ. ಎಲ್‌ಎಫ್‌ಪಿಯನ್ನು ಕಿಲೋಗೆ ರೂ. 200ರಂತೆ ಕೊಂಡವನಿಗೆ ಯಂತ್ರ ತಿರುಗುವ ಮೊದಲೇ ನಷ್ಟ ನಿಶ್ಚಿತ.

ಈ ಲೋಹಗಳು ಹೊರಬರುವ ಕ್ರಮವನ್ನು ತಿಳಿದುಕೊಂಡರೆ ಕೊಳ್ಳುವವರು ದರ ಕಡಿತ ಮಾಡುವ ಕಾರಣಗಳು ಅರ್ಥವಾಗುತ್ತವೆ. ಮೊದಲು ಬ್ಯಾಟರಿಯಲ್ಲಿ ಉಳಿದಿರುವ ವಿದ್ಯುತ್ತನ್ನು ಪೂರ್ಣವಾಗಿ ಬರಿದು ಮಾಡಬೇಕು. ಚಾರ್ಜ್ ಉಳಿದಿರುವ ಸೆಲ್ ಜಜ್ಜಿದರೆ ಅಥವಾ ತೂತಾದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ. ಜೊತೆಗೆ ಹೈಡ್ರೋಜನ್ ಫ್ಲೋರೈಡ್‌ನಂತಹ ವಿಷಾನಿಲವೂ ಹೊರಬರುತ್ತದೆ. ಆದಕಾರಣ ಗೋದಾಮಿನಲ್ಲಿ ಸುತ್ತಿಗೆಯಿಂದ ಪ್ಯಾಕ್ ಒಡೆಯುವ ಪದ್ಧತಿಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಬರಿದಾದ ಸೆಲ್‌ಗಳನ್ನು ಘಟಕದಲ್ಲಿ ನೈಟ್ರೋಜನ್ ಅನಿಲದ ಮಧ್ಯೆ ಇಲ್ಲವೇ ನೀರಿನಡಿ ಚೂರುಮಾಡಿ, ಜರಡಿ ಹಿಡಿದು, ತಾಮ್ರ, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಚೂರುಗಳನ್ನು ಬೇರ್ಪಡಿಸುತ್ತಾರೆ. ಜರಡಿಯಿಂದ ಕೆಳಗಿಳಿಯುವ ನಯವಾದ ಕಪ್ಪು ಪುಡಿಯೇ ಬ್ಲ್ಯಾಕ್ ಮಾಸ್. ಕ್ಯಾಥೋಡ್ ಪುಡಿಯೂ ಗ್ರಾಫೈಟೂ ಇದರಲ್ಲಿ ಬೆರೆತಿರುತ್ತವೆ.

ಮುಂದಿನದು ರಸಾಯನದ ಕೆಲಸ. ಕಪ್ಪು ಪುಡಿಯನ್ನು ಬಿಸಿಯಾದ ದುರ್ಬಲ ಗಂಧಕಾಮ್ಲದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಕರಗಿಸಲಾಗುತ್ತದೆ. ಪೆರಾಕ್ಸೈಡ್ ಇಲ್ಲದಿದ್ದರೆ ಕೋಬಾಲ್ಟ್ ಸುಲಭವಾಗಿ ಕರಗುವ ಸ್ಥಿತಿಗೆ ಬರುವುದಿಲ್ಲ. ಗ್ರಾಫೈಟ್ ಕರಗದೆ ತಳದಲ್ಲಿ ಉಳಿಯುತ್ತದೆ. ದ್ರಾವಣದ ಹುಳಿಯನ್ನು ಹಂತ ಹಂತವಾಗಿ ತಗ್ಗಿಸಿದಾಗ ಕಬ್ಬಿಣ, ಅಲ್ಯೂಮಿನಿಯಂಗಳು ಗಸಿಯಾಗಿ ಬೀಳುತ್ತವೆ. ಅನಂತರ ಮ್ಯಾಂಗನೀಸ್, ಕೋಬಾಲ್ಟ್, ನಿಕ್ಕಲ್‌ಗಳನ್ನು ಒಂದೊಂದಾಗಿ ಬೇರ್ಪಡಿಸಿ ಸಲ್ಫೇಟ್ ಹರಳುಗಳನ್ನಾಗಿ ಮಾಡುತ್ತಾರೆ. ಹೊಸ ಕ್ಯಾಥೋಡ್ ತಯಾರಿಸುವವರಿಗೆ ಬೇಕಾಗಿರುವುದೂ ಈ ಹರಳುಗಳೇ. ಕೊನೆಗೆ ಉಳಿದ ದ್ರಾವಣವನ್ನು ಕಾಯಿಸಿ ಸೋಡಿಯಂ ಕಾರ್ಬೊನೇಟ್ ಹಾಕಿದಾಗ ಲಿಥಿಯಂ ಕಾರ್ಬೊನೇಟ್ ಬಿಳಿಯ ಪುಡಿಯಾಗಿ ತಳಕ್ಕಿಳಿಯುತ್ತದೆ. ಇಡೀ ಸೆಲ್ಲನ್ನು ಕುಲುಮೆಯಲ್ಲಿ ಕರಗಿಸುವ ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಕೋಬಾಲ್ಟ್, ನಿಕ್ಕಲ್, ತಾಮ್ರಗಳು ಮಿಶ್ರಲೋಹವಾಗಿ ದೊರೆತರೂ ಲಿಥಿಯಂ ಬಹುಮಟ್ಟಿಗೆ ಕಿಟ್ಟದ ಪಾಲಾಗುತ್ತದೆ. ಎಲ್‌ಎಫ್‌ಪಿಗೆ ಆ ವಿಧಾನ ಏಕೆ ಹೊಂದುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ದರ ಕಡಿತದ ವಿಷಯಕ್ಕೆ ಬರೋಣ. ಕಪ್ಪು ಪುಡಿಯನ್ನು ಕೊಳ್ಳುವವರು ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದರಲ್ಲಿರುವ ಕೋಬಾಲ್ಟ್ ಮತ್ತು ನಿಕ್ಕಲ್‌ನ ಪೇಟೆ ಮೌಲ್ಯದ ಒಂದು ನಿಗದಿತ ಶೇಕಡಾ ಪಾಲನ್ನು ಮಾತ್ರ ಕೊಡುತ್ತಾರೆ. ಮೊಬೈಲ್ ಸೆಲ್‌ಗಳೊಡನೆ ಕಾಲುಭಾಗ ಎಲ್‌ಎಫ್‌ಪಿ ಬೆರೆತರೆ ಕೋಬಾಲ್ಟ್‌ನ ಪ್ರಮಾಣ ಕಾಲುಭಾಗ ತಗ್ಗುತ್ತದೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಒಳಬಂದ ಕಬ್ಬಿಣ ಮತ್ತು ಫಾಸ್ಫೇಟನ್ನು ತೆಗೆಯಲು ಹೆಚ್ಚು ರಾಸಾಯನಿಕ ಬೇಕು, ಹಾಗೂ ಬೀಳುವ ಗಸಿಯೊಡನೆ ಒಂದಿಷ್ಟು ಕೋಬಾಲ್ಟೂ ಹೊರಟುಹೋಗುತ್ತದೆ. ಆದ್ದರಿಂದ ಬೆರಕೆ ಮಾಲಿಗೆ ಎರಡು ಕಡೆಯಿಂದ ಪೆಟ್ಟು. ತೇವಾಂಶವಿರುವ ಪುಡಿಗೆ ಒಣ ತೂಕದ ಮೇಲೆಯೇ ಹಣ ಸಂದಾಯವಾಗುತ್ತದೆಂಬುದನ್ನೂ ಗಮನದಲ್ಲಿಡಬೇಕು.

ಹಾಗಾದರೆ ಕೊಳ್ಳುವ ಮೊದಲು ಗುರುತಿಸುವುದು ಹೇಗೆ? ಸೆಲ್ಲಿನ ಮೇಲೆ ಮುದ್ರಿತವಾದ ವೋಲ್ಟೇಜನ್ನು ನೋಡತಕ್ಕದ್ದು. 3.2 ವೋಲ್ಟ್ ಎಂದಿದ್ದರೆ ಅದು ಎಲ್‌ಎಫ್‌ಪಿ. 3.6ರಿಂದ 3.8 ವೋಲ್ಟ್ ಇದ್ದರೆ ಕೋಬಾಲ್ಟ್ ಅಥವಾ ನಿಕ್ಕಲ್ ಇರುವ ಸಾಧ್ಯತೆ ಹೆಚ್ಚು. ಆದರೆ ಪ್ಯಾಕಿನ ಹೊರಗಿನ ಚೀಟಿಯನ್ನಷ್ಟೇ ನಂಬಬಾರದು. 48 ವೋಲ್ಟ್ ಎಂಬ ಪ್ಯಾಕಿನೊಳಗೆ 3.2 ವೋಲ್ಟಿನ 15 ಎಲ್‌ಎಫ್‌ಪಿ ಸೆಲ್‌ಗಳ ಸಾಲಿರಬಹುದು, ಇಲ್ಲವೇ 3.7 ವೋಲ್ಟಿನ 13 ಎನ್‌ಎಂಸಿ ಸೆಲ್‌ಗಳ ಸಾಲಿರಬಹುದು. ಹೊರಗಿನ ಸಂಖ್ಯೆ ಒಂದೇ ಆದರೂ ಒಳಗಿನ ಮಾಲು ಬೇರೆ. ತಯಾರಕರ ವಿವರಪಟ್ಟಿಯನ್ನು ಕೇಳಿ ಪಡೆಯುವುದು, ಒಂದೊಂದು ಬಗೆಯನ್ನು ಪ್ರತ್ಯೇಕವಾಗಿ ತೂಗಿ, ಪ್ರತ್ಯೇಕವಾಗಿ ಪುಸ್ತಕದಲ್ಲಿ ದಾಖಲಿಸುವುದು ಕ್ಷೇಮಕರ.

ಸರಿಯಾದ ಬಗೆಯನ್ನೇ ಕೊಂಡರೂ ಧಾರಣೆಯ ಏರಿಳಿತದಿಂದ ಪಾರಾಗುವಂತಿಲ್ಲ. ಚೀನಾದಲ್ಲಿ 2022ರ ನವೆಂಬರ್‌ನಲ್ಲಿ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಇದ್ದ ಲಿಥಿಯಂ ಕಾರ್ಬೊನೇಟ್, 2023ರ ಅಂತ್ಯದ ಹೊತ್ತಿಗೆ 1 ಲಕ್ಷದ ಆಸುಪಾಸಿಗೆ ಕುಸಿಯಿತು. ಕೋಬಾಲ್ಟ್‌ನ ಸ್ಥಿತಿ ಬೇರೆ ರೀತಿಯದು. ಜಗತ್ತಿನ ಗಣಿ ಉತ್ಪಾದನೆಯ ಶೇ. 70ಕ್ಕೂ ಹೆಚ್ಚು ಪಾಲು ಕಾಂಗೋ ದೇಶವೊಂದರಿಂದಲೇ ಬರುತ್ತದೆ. ಬೆಲೆ ತೀರಾ ಇಳಿದುದರಿಂದ ಆ ದೇಶವು 2025ರ ಫೆಬ್ರವರಿಯಲ್ಲಿ ರಫ್ತನ್ನೇ ಸ್ಥಗಿತಗೊಳಿಸಿ, ಅಕ್ಟೋಬರ್‌ನಿಂದ ಕೋಟಾ ಪದ್ಧತಿಯನ್ನು ಜಾರಿಗೊಳಿಸಿತು. ಬೆಲೆ ಮತ್ತೆ ಏರಿತು. ಆದ್ದರಿಂದ ವರ್ಷಾಂತ್ಯದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬ ಲೆಕ್ಕಪತ್ರ ನಿಯಮವು ಈ ವ್ಯಾಪಾರದಲ್ಲಿ ಬರಿಯ ಔಪಚಾರಿಕತೆಯಲ್ಲ.

ಹಾಗೆಂದು ಎಲ್‌ಎಫ್‌ಪಿಯನ್ನು ಯಾರೂ ಮುಟ್ಟಬಾರದೆಂದು ಅರ್ಥವಲ್ಲ. ಅದರ ವ್ಯವಹಾರವು ಲೋಹದ ಬೆಲೆಯ ಮೇಲೆ ಮಾತ್ರ ನಿಲ್ಲಲಾರದು, ಸಂಸ್ಕರಣಾ ಶುಲ್ಕವೂ ಬೇಕು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಇದಕ್ಕೆ ದಾರಿ ಮಾಡಿಕೊಟ್ಟಿವೆ. ಬ್ಯಾಟರಿಯನ್ನು ತಯಾರಿಸುವ ಅಥವಾ ಆಮದು ಮಾಡುವ ಸಂಸ್ಥೆ ಅದರ ಪುನರ್ಬಳಕೆಗೂ ಹೊಣೆಗಾರನಾಗಿದ್ದು, ನೋಂದಾಯಿತ ಪುನರ್ಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಆ ಹೊಣೆಯನ್ನು ತೀರಿಸಬಹುದು. ಈ ಆದಾಯವು ನೋಂದಾಯಿತ ಘಟಕಕ್ಕೆ ಮಾತ್ರ ದೊರೆಯತಕ್ಕದ್ದು. ಅಲ್ಲದೆ ವಿದ್ಯುತ್ ವಾಹನಗಳ ಹೊಸ ಬ್ಯಾಟರಿಗಳಲ್ಲಿ 2027-28ರಲ್ಲಿ ಶೇ. 5ರಷ್ಟು, 2030-31ರ ವೇಳೆಗೆ ಶೇ. 20ರಷ್ಟು ಪುನರ್ಬಳಕೆಯ ವಸ್ತು ಇರಬೇಕೆಂದು ನಿಯಮಗಳು ವಿಧಿಸುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟವು ಅನುಮೋದಿಸಿದ ರೂ. 1,500 ಕೋಟಿಯ ಪ್ರೋತ್ಸಾಹ ಯೋಜನೆಯಲ್ಲಿ ಮೂರನೆಯ ಒಂದು ಭಾಗವನ್ನು ಸಣ್ಣ ಹಾಗೂ ಹೊಸ ಪುನರ್ಬಳಕೆದಾರರಿಗೆ ಮೀಸಲಿಡಲಾಗಿದೆ.

ನಮ್ಮ ಕಕ್ಷಿದಾರರ ವಿಷಯಕ್ಕೆ ಮರಳುವುದಾದರೆ, ಆ ವರ್ಷದ ನಷ್ಟವನ್ನು ಅವರು ಲೆಕ್ಕದಲ್ಲಿ ತೋರಿಸಿ ಮಾಲನ್ನು ನೋಂದಾಯಿತ ಘಟಕಕ್ಕೆ ಒಪ್ಪಿಸಿದರು. ಈಗ ಅವರ ಖರೀದಿ ಪುಸ್ತಕದಲ್ಲಿ ‘ಲಿಥಿಯಂ ಬ್ಯಾಟರಿ’ ಎಂಬ ಒಂದೇ ಖಾತೆಯಿಲ್ಲ. ಕೋಬಾಲ್ಟ್, ನಿಕ್ಕಲ್, ಎಲ್‌ಎಫ್‌ಪಿ ಎಂದು ಮೂರು ಖಾತೆಗಳಿವೆ, ಮೂರಕ್ಕೂ ಬೇರೆ ಬೇರೆ ದರವಿದೆ. ಈ ವ್ಯಾಪಾರಕ್ಕೆ ಕೈಹಾಕುವ ಸದಸ್ಯರು ಮೊದಲ ದಿನದಿಂದಲೇ ಈ ಮೂರು ಖಾತೆಗಳನ್ನು ತೆರೆಯಬೇಕೆಂಬುದು ನಮ್ಮ ಸಲಹೆ.